ಹಗ್ಗ ಎರಡು, ಲೈಟರ್ ಒಂದು

"ಅಮ್ಮಾ, ಲ್ಯಾಬಕ್ಕ ಬೆಂಕಿ ಹಚ್ಚಿಬಿಟ್ಟು ಆರಿಸೋದೇ ಇಲ್ವಲ್ಲ, ಯಾಕೆ ಸುಮ್ನೆ ನೋಡ್ತಾ ಕೂತಿರ್ತಾರೆ?"

ಭಾನುವಾರ ಸಂಜೆ ಒಣಗಿದ ಬಟ್ಟೆ ತೆಗೆಯಲು ಟೆರೇಸಿಗೆ ಹೋದಾಗ ಮಗಳು ಕೇಳಿದ ಪ್ರಶ್ನೆ ಇದು. ಅವಳಿಗೆ ಐದು ವರ್ಷ. ಬೆಂಕಿ ಕಂಡರೆ ಓಡಿಬಂದು ದೊಡ್ಡವರಿಗೆ ಹೇಳಬೇಕು ಎಂದು ನಾನೇ ನೂರು ಸಲ ಹೇಳಿಕೊಟ್ಟಿದ್ದೇನೆ. ಇಲ್ಲಿ ನೋಡಿದರೆ ದೊಡ್ಡವರೇ ಬೆಂಕಿ ಹಚ್ಚಿ, ಅದರ ಮುಂದೆ ಕಾಲು ಚಾಚಿ, ತೊಡೆಯ ಮೇಲೆ ನೋಟ್‌ಬುಕ್ಕು, ಪಕ್ಕದಲ್ಲಿ ಗಡಿಯಾರ ಇಟ್ಟುಕೊಂಡು ಕೂತಿದ್ದರು. ಎದುರಿಗೆ ಒಂದು ಮರಳಿನ ತಟ್ಟೆ. ಅದರಲ್ಲಿ ಒಂದಡಿಯಷ್ಟು ಉದ್ದದ, ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣಕಲಾದ ಬೂದಿಯ ಗೆರೆ, ದಪ್ಪ ಕಡೆ ಮಾತ್ರ ಬೆರಳಗಲದಷ್ಟು ಹಗ್ಗ ಉಳಿದಿತ್ತು. ಅದರ ಎರಡೂ ತುದಿಯಲ್ಲಿ ಕೆಂಪು ಕಿಡಿ ಸದ್ದಿಲ್ಲದೆ ಒಳಗೆ ತೆವಳುತ್ತಿತ್ತು.

"ಆರಿಸಿದ್ರೆ ನಿನ್ನ ಲ್ಯಾಬಕ್ಕನ ಕೆಲ್ಸಾನೂ ಆರಿಹೋಗುತ್ತೆ ಪುಟ್ಟೀ," ಎಂದರು ಲ್ಯಾಬಕ್ಕ, ಗಡಿಯಾರದಿಂದ ಕಣ್ಣು ಕೀಳದೆ. "ಈಗ ಮಾತಾಡಿಸ್ಬೇಡ. ಇನ್ನು ನಾಲ್ಕು ನಿಮಿಷ."

ಲ್ಯಾಬಕ್ಕ ನಮ್ಮ ಮೇಲಿನ ಮನೆಯವರು. ಹತ್ತಿರದ ಶಾಲೆಯ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷದಿಂದ ಅಟೆಂಡರ್. ಅವರ ನಿಜವಾದ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿಲ್ಲ. ಅವರ ಗಂಡ ಕೂಡ ಕಟ್ಟಡದ ಮೆಟ್ಟಿಲ ಬುಡದಲ್ಲಿ ನಿಂತು "ಲ್ಯಾಬೂ, ಬೀಗದ ಕೈ ಎಸಿ" ಎಂದೇ ಕೂಗುವುದು. ಬೆರಳ ತುದಿಗಳಲ್ಲಿ ಯಾವಾಗಲೂ ಯಾವುದೋ ಔಷಧಿಯ ಕಂದು ಕಲೆ. ಮನೆಯ ಡಬ್ಬಗಳಿಗೆಲ್ಲ ಚೀಟಿ ಅಂಟಿಸುವ ಅಭ್ಯಾಸ. ಒಂದು ಡಬ್ಬದ ಮೇಲೆ "ಉಪ್ಪು, ತಿನ್ನುವುದು" ಎಂದು ಬರೆದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ನಮ್ಮ ಮನೆಯಿಂದ ಒಯ್ದ ಬಟ್ಟಲು ವಾಪಸು ಬರುವಾಗ ಅದರ ತಳದಲ್ಲಿ "ಕೆಳಮನೆ" ಎಂಬ ಚೀಟಿ ಇರುತ್ತದೆ. ತಿಕ್ಕಿ ತೆಗೆಯಲು ನನಗೆ ಎರಡು ದಿನ ಬೇಕು.

ನಾಲ್ಕು ನಿಮಿಷ ಆಯಿತು. ಎರಡು ಕಿಡಿಗಳೂ ದಪ್ಪ ಭಾಗದ ನಡುವೆ ಒಂದನ್ನೊಂದು ಮುಟ್ಟಿ, ಒಂದು ಸಲ ಕೆಂಪಗಾಗಿ, ಬೂದಿಯಾದವು. ಲ್ಯಾಬಕ್ಕ ನೋಟ್‌ಬುಕ್ಕಿನಲ್ಲಿ "30" ಎಂದು ಬರೆದು, ಪೆನ್ನನ್ನು ತಟ್ಟೆಯ ಪಕ್ಕ ಕುಕ್ಕಿದರು.

"ನೋಡಮ್ಮ. ಮೂವತ್ತಕ್ಕೆ ಮೂವತ್ತು. ಸರಿಯಾಗೇ ಇದೆ. ಇಂಥದ್ದೇ ಹಗ್ಗ ಬುಧವಾರ ಲ್ಯಾಬಲ್ಲಿ ಇಪ್ಪತ್ಮೂರಕ್ಕೇ ಖಾಲಿ. ನಂಗೆ ತಲೆ ಕೆಟ್ಟುಹೋಗಿದೆ."

ಬಟ್ಟೆಯ ರಾಶಿಯನ್ನು ಅಲ್ಲೇ ಕಟ್ಟೆಯ ಮೇಲಿಟ್ಟು ಕೂತೆ. ಮಗಳು ಕ್ಲಿಪ್ಪುಗಳನ್ನು ಎಣಿಸಲು ಹೋದಳು. ಆಗ ಪೂರ್ತಿ ಕಥೆ ಹೊರಬಂತು.

ಶಾಲೆಯ ಲೆಕ್ಕದ ಮೇಷ್ಟ್ರು ಎಂಟನೇ ತರಗತಿಗೆ ಒಂದು ಒಗಟು ಹಾಕಿದ್ದರಂತೆ. ಎರಡು ಹಗ್ಗ, ಒಂದು ಲೈಟರ್. ಒಂದೊಂದು ಹಗ್ಗವೂ ಒಂದು ತುದಿಗೆ ಹಚ್ಚಿದರೆ ಪೂರ್ತಿ ಉರಿಯಲು ಸರಿಯಾಗಿ ಒಂದು ಗಂಟೆ. ಆದರೆ ಉದ್ದಕ್ಕೂ ಒಂದೇ ವೇಗದಲ್ಲಿ ಉರಿಯುವುದಿಲ್ಲ. ಒಂದು ಕಡೆ ಸರಸರ, ಇನ್ನೊಂದು ಕಡೆ ಆಮೆ. ಗಡಿಯಾರ ಇಲ್ಲ. ನಲವತ್ತೈದು ನಿಮಿಷ ಅಳೆಯಬೇಕು.

ನಾನು ತಟಕ್ಕನೆ ಹೇಳಿದೆ: "ಅದೇನ್ ಮಹಾ ಅಕ್ಕ. ಹಗ್ಗನ ನಾಲ್ಕು ಮಡಿಕೆ ಮಾಡಿ, ಮೂರು ಭಾಗ ಮುಗಿಯೋ ಕಡೆ ಒಂದು ಗುರುತು ಹಾಕಿದ್ರಾಯ್ತು."

ಲ್ಯಾಬಕ್ಕ ನನ್ನನ್ನು ನೋಡಿದ ನೋಟದಲ್ಲಿ ಹತ್ತೊಂಬತ್ತು ವರ್ಷದಲ್ಲಿ ಕಂಡ ವಿದ್ಯಾರ್ಥಿಗಳೆಲ್ಲ ಇದ್ದರು.

"ಇಡೀ ಎಂಟನೇ ಕ್ಲಾಸು ಅದನ್ನೇ ಹೇಳ್ತಂತೆ. ಬಾ ಇಲ್ಲಿ." ಇನ್ನೊಂದು ಹೊಸ ಹಗ್ಗವನ್ನು ಬುಟ್ಟಿಯಿಂದ ತೆಗೆದು ನನ್ನ ಕೈಗಿತ್ತರು. "ಇದು ಮೂವತ್ತು ಸೆಂಟಿಮೀಟರು. ಈ ದಪ್ಪ ಭಾಗ ಹತ್ತು. ಇದು ಸೆಂಟಿಮೀಟರಿಗೆ ನಾಲ್ಕು ನಿಮಿಷ ತಿನ್ನುತ್ತೆ, ಅಂದ್ರೆ ನಲವತ್ತು ನಿಮಿಷ. ಈ ಸಣ್ಣ ಭಾಗ ಇಪ್ಪತ್ತು. ಸೆಂಟಿಮೀಟರಿಗೆ ಒಂದೇ ನಿಮಿಷ, ಇಪ್ಪತ್ತು ನಿಮಿಷ. ಒಟ್ಟು ಒಂದು ಗಂಟೆ. ಈಗ ಸರಿಯಾಗಿ ಅರ್ಧಕ್ಕೆ ಮಡಚು. ಸಣ್ಣ ಕಡೆಯಿಂದ ಹಚ್ಚಿದ್ರೆ ಆ ಅರ್ಧಕ್ಕೆ ಎಷ್ಟೊತ್ತು?"

"ಹದಿನೈದು ನಿಮಿಷ."

"ದಪ್ಪ ಕಡೆಯಿಂದ ಹಚ್ಚಿದ್ರೆ?"

ಬೆರಳು ಮಡಚಿದೆ. ನಲವತ್ತು, ಮತ್ತೈದು. "ನಲವತ್ತೈದು."

"ಹಾಂ. ಒಂದೇ ಹಗ್ಗ, ಒಂದೇ ಅರ್ಧ. ಅದಕ್ಕೇ ಅಳತೆಪಟ್ಟಿ ನಂಬೋ ಹಾಗಿಲ್ಲ. ಮೇಷ್ಟ್ರ ಉಪಾಯ ಏನು ಅಂದ್ರೆ, ಮೊದಲನೇ ಹಗ್ಗಕ್ಕೆ ಎರಡೂ ತುದಿಗೆ ಹಚ್ಚೋದು. ಎಲ್ಲಿ ನಿಧಾನ ಎಲ್ಲಿ ಬೇಗ ಅನ್ನೋ ಚಿಂತೆ ಬೇಡ. ಒಂದು ಗಂಟೆ ಕೆಲಸನ ಎರಡು ಬೆಂಕಿ ಹಂಚ್ಕೊಂಡು ಮಾಡುತ್ವೆ, ಅರ್ಧ ಗಂಟೆಗೆ ಮುಗೀಬೇಕು. ಅದೇ ಹೊತ್ತಿಗೆ ಎರಡನೇ ಹಗ್ಗಕ್ಕೆ ಒಂದೇ ತುದಿಗೆ ಹಚ್ಚಿರ್ತೀವಿ. ಮೊದಲನೇದು ಮುಗಿದಾಗ ಎರಡನೇದರಲ್ಲಿ ಇನ್ನು ಅರ್ಧ ಗಂಟೆ ಬಾಕಿ. ತಕ್ಷಣ ಅದರ ಇನ್ನೊಂದು ತುದಿಗೂ ಹಚ್ಚು. ಬಾಕಿ ಇರೋ ಅರ್ಧ ಗಂಟೆ ಕಾಲು ಗಂಟೆಯಾಗುತ್ತೆ. ಮೂವತ್ತೂ ಹದಿನೈದೂ ನಲವತ್ತೈದು."

ಇಷ್ಟು ಹೊತ್ತಿಗೆ ನನಗೂ ಖುಷಿಯಾಗಿತ್ತು. "ಚೆನ್ನಾಗಿದೆ ಅಲ್ವಾ ಅಕ್ಕ."

"ಹಾಳೆ ಮೇಲೆ ಚೆನ್ನಾಗಿದೆ. ಅಷ್ಟಕ್ಕೇ ನಿಲ್ಲಿಸಿದ್ರೆ ನಾನೂ ಚಪ್ಪಾಳೆ ತಟ್ತಿದ್ದೆ."

ನಿಲ್ಲಿಸಲಿಲ್ಲ. ಯಾರೋ ಒಬ್ಬ ಹುಡುಗಿ ಎದ್ದು, "ಸರ್, ಅಂಥ ಹಗ್ಗ ನಿಜವಾಗ್ಲೂ ಇರುತ್ತಾ?" ಎಂದು ಕೇಳಿದಳು. ಮೇಷ್ಟ್ರಿಗೆ ಮರ್ಯಾದೆಯ ಪ್ರಶ್ನೆ. ಪೋಷಕರ ದಿನ ಎಲ್ಲರೆದುರು ಮಾಡಿಯೇ ತೋರಿಸುತ್ತೇನೆ ಎಂದು ಮಾತು ಕೊಟ್ಟುಬಿಟ್ಟರು. ಮಾತು ಕೊಟ್ಟವರು ಅವರು, ಚೀಟಿ ಬಂದದ್ದು ಲ್ಯಾಬಕ್ಕನಿಗೆ. ಆ ಚೀಟಿಯನ್ನು ಲ್ಯಾಬಕ್ಕ ನೋಟ್‌ಬುಕ್ಕಿನೊಳಗೆ ಇಟ್ಟುಕೊಂಡಿದ್ದರು, ನನಗೆ ಓದಿಸಿದರು. "ಹಗ್ಗ: 2. ಪ್ರತಿಯೊಂದೂ ಸರಿಯಾಗಿ ಒಂದು ಗಂಟೆ ಉರಿಯತಕ್ಕದ್ದು. ಸಮನಾಗಿ ಉರಿಯಕೂಡದು. ಲೈಟರ್: 1."

"ಅಂಗಡಿಗೆ ಹೋಗಿ ಏನಂತ ಕೇಳ್ಲಿ ಹೇಳು? ಅಣ್ಣಾ, ಅಂಕುಡೊಂಕಾಗಿ ಉರಿದು ಸರಿಯಾಗಿ ಒಂದು ಗಂಟೆಗೆ ಮುಗಿಯೋ ಹಗ್ಗ ಇದ್ರೆ ಎರಡು ಕೊಡಿ ಅಂತಲಾ?"

ಮೊದಲು ನಾರಿನ ಹಗ್ಗ ತಂದರು, ಭಗ್ಗನೆ ಉರಿದು ನಡುವೆ ಆರಿಹೋಯಿತು. ನೈಲಾನು ಕರಗಿ ತೊಟ್ಟಿಕ್ಕಿತು. ಗೋಣಿಯ ದಾರ ಹೊಗೆ ಹಾಕಿ ಇಡೀ ಒಂಬತ್ತನೇ ತರಗತಿಯನ್ನು ಹೊರಗೋಡಿಸಿತು. ಹೇಗೋ ಒಂದು ಹಗ್ಗ ಹೊಂದಿತು ಅಂದರೂ, ಅದು ಒಂದು ಗಂಟೆಯ ಹಗ್ಗ ಎಂದು ಗೊತ್ತಾಗುವುದು ಸುಟ್ಟ ಮೇಲೆ. ಗೊತ್ತಾದಾಗ ಕೈಯಲ್ಲಿರುವುದು ಬೂದಿ. ಇದನ್ನು ಮೇಷ್ಟ್ರಿಗೆ ಹೇಳಿದರೆ, "ಹಗ್ಗ ಒಂದು ಗಂಟೆ ಉರಿಯುತ್ತೆ ಅಂತ ಇಟ್ಕೊಳಿ" ಎಂದರಂತೆ.

"ಅವರು ಇಟ್ಕೋತಾರೆ ಕಣಮ್ಮ. ಅವರ ಲೆಕ್ಕದಲ್ಲೆಲ್ಲ ಇಟ್ಕೊಳ್ಳೋದೇ. ನಾನು ಎಲ್ಲಿ ಇಟ್ಕೊಳ್ಲಿ?"

ಕೊನೆಗೆ ದಾರಿ ಕಂಡುಕೊಂಡದ್ದು ಅವರೇ. ಹತ್ತಿಯ ದಾರವನ್ನು, ಪಟಾಕಿ ಮದ್ದಿಗೆ ಹಾಕುವ ಪೆಟ್ಲುಪ್ಪಿನ ನೀರಿನಲ್ಲಿ ನೆನೆಸಿ ಒಣಗಿಸಿದರೆ ಜ್ವಾಲೆ ಬರುವುದಿಲ್ಲ, ಊದುಬತ್ತಿಯ ಹಾಗೆ ಕಿಡಿ ಮಾತ್ರ ನಡೆಯುತ್ತದೆ. ದಪ್ಪ ಹೆಣೆದದ್ದು ನಿಧಾನ, ಸಣ್ಣದು ಬೇಗ. ಒಂದೇ ಉಂಡೆಯಿಂದ, ಒಂದೇ ನೀರಿನಿಂದ ಮಾಡಿದ ದಾರ ಆದ್ದರಿಂದ, ತುಂಡು ತುಂಡಾಗಿ ಸುಟ್ಟು ಎರಡರ ವೇಗ ಹಿಡಿದರು. ಹನ್ನೊಂದು ಸಂಜೆ ನಮ್ಮ ಟೆರೇಸಿನಲ್ಲಿ. ಆಮೇಲೆ ನಲವತ್ತು ನಿಮಿಷದ ದಪ್ಪಕ್ಕೆ ಇಪ್ಪತ್ತು ನಿಮಿಷದ ಸಣ್ಣದನ್ನು ಹೆಣೆದು ಸೇರಿಸಿದರು. ಸುಡದೆಯೇ ಒಂದು ಗಂಟೆಯ ಹಗ್ಗ ಸಿದ್ಧ. ಎರಡನೇ ಹಗ್ಗಕ್ಕೆ ದಪ್ಪ ಭಾಗವನ್ನು ನಡುವೆ ಹಾಕಿ, ಒಂದು ಕಡೆ ಹದಿನಾಲ್ಕು, ಇನ್ನೊಂದು ಕಡೆ ಆರು ಸೆಂಟಿಮೀಟರು ಸಣ್ಣದು. ಅದೂ ಒಂದು ಗಂಟೆಯೇ, ನಡಿಗೆ ಮಾತ್ರ ಬೇರೆ.

ಇಷ್ಟರ ನಡುವೆ ಲೈಟರಿನ ಉಪಕಥೆ. ಕಚೇರಿಯ ಗುಮಾಸ್ತರು ಚೀಟಿ ನೋಡಿ ಕೊಟ್ಟದ್ದು ಗ್ಯಾಸ್ ಒಲೆಯ ಲೈಟರ್. ಟಕ್ ಟಕ್ ಅಂದು ಕಿಡಿ ಹಾರಿಸುತ್ತದೆಯೇ ಹೊರತು ಹಗ್ಗ ಹೊತ್ತಿಸುವುದಿಲ್ಲ. ಬದಲಾಯಿಸಿ ಕೊಡಿ ಎಂದರೆ, "ಲೈಟರ್ ಅಂತ ಇದೆ, ಲೈಟರ್ ಕೊಟ್ಟಿದೀನಿ, ಸಹಿ ಹಾಕಿ." ಲ್ಯಾಬಕ್ಕ ಸಹಿ ಹಾಕಿ ಅದನ್ನು ಬೀರುವಿನಲ್ಲಿಟ್ಟು, ಗೇಟಿನ ಕಾವಲುಗಾರನ ಜೇಬಿನಿಂದ ಬೀಡಿ ಹಚ್ಚುವ ಲೈಟರ್ ಕಡ ತಂದಿದ್ದರು.

ಬುಧವಾರ ಹೆಡ್‌ಮೇಡಂ ಎದುರು ರಿಹರ್ಸಲ್. ಮೊದಲನೇ ಹಗ್ಗ ಮೂವತ್ತರ ಬದಲು ಇಪ್ಪತ್ಮೂರು ನಿಮಿಷಕ್ಕೆ, ಎರಡೂ ಸೇರಿ ನಲವತ್ತೈದರ ಬದಲು ಮೂವತ್ನಾಲ್ಕಕ್ಕೆ ಬೂದಿ. ಹೆಡ್‌ಮೇಡಂ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಹಗ್ಗದ ಮುಖ ನೋಡಿದರು. "ಲೆಕ್ಕ ಸರಿ ಇದೆ ಮೇಡಂ, ಹಗ್ಗ ಸರಿ ಇಲ್ಲ." ಗುರುವಾರ ಲ್ಯಾಬಕ್ಕನ ಕೈಗೆ ನೋಟೀಸು ಬಂತು. ಕೇಳಿದ ಪ್ರಕಾರ ಸಾಮಗ್ರಿ ಒದಗಿಸದಿರುವುದಕ್ಕೆ ಕಾರಣ ತಿಳಿಸಿ.

ಇದರ ಪೆಟ್ಟು ಎಷ್ಟೆಂದು ನನಗೆ ಗೊತ್ತಿತ್ತು. ಅಟೆಂಡರ್ ಕೆಲಸದಿಂದ ಪ್ರಯೋಗಾಲಯದ ಸಹಾಯಕಿಯಾಗಲು ಲ್ಯಾಬಕ್ಕ ಹನ್ನೊಂದು ವರ್ಷದಿಂದ ಕಾಯುತ್ತಿದ್ದಾರೆ. ಈ ಸಲ ಅವರ ಹೆಸರು ಪಟ್ಟಿಯಲ್ಲಿ ಮೊದಲನೆಯದು. ಪೋಷಕರ ದಿನದ ನಂತರದ ಸೋಮವಾರ ಮಧ್ಯಾಹ್ನ ಪಟ್ಟಿ ಮೇಲಿನ ಕಚೇರಿಗೆ ಹೋಗುತ್ತದೆ. ಫೈಲಿನಲ್ಲಿ ಒಂದು ನೋಟೀಸು ಸೇರಿದರೆ ಹೆಸರು ಕೆಳಗೆ ಜಾರುತ್ತದೆ. ಹೆಡ್‌ಮೇಡಂ ಒಂದು ಕನಿಕರ ತೋರಿಸಿದ್ದರು. "ಶನಿವಾರ ಪೋಷಕರೆದುರು ಸರಿಯಾಗಿ ಬಂದರೆ ಇದನ್ನ ಫೈಲಿಗೆ ಹಾಕಲ್ಲ, ಹೋಗಿ."

"ಇಲ್ಲಿ ಮೂರು ಸಲ ಸುಟ್ಟೆ. ಮೂರು ಸಲವೂ ಮೂವತ್ತು. ಅಲ್ಲಿಗೆ ಹೋದ್ರೆ ಅದಕ್ಕೇನು ದೆವ್ವ ಹಿಡಿಯುತ್ತಾ?" ಲ್ಯಾಬಕ್ಕ ತಟ್ಟೆಯ ಮರಳನ್ನು ಸಮ ಮಾಡುತ್ತ ಹೇಳಿದರು. ಅಳುತ್ತಿರಲಿಲ್ಲ. ಅಳುವಷ್ಟು ಪುರುಸೊತ್ತು ಅವರಿಗಿಲ್ಲ. ಸಿಟ್ಟೂ ಅಲ್ಲ. ಪಾತ್ರೆ ತೊಳೆದ ಮೇಲೆ ಮತ್ತೆ ಯಾರೋ ಒಂದು ಲೋಟ ತಂದಿಟ್ಟಾಗ ನಮಗೆ ಏನು ಆಗುತ್ತದೋ ಅದು.

ಸೋಮವಾರ ಸಂಜೆ ಅವರು ನಮ್ಮ ಅಡುಗೆಮನೆಯಲ್ಲಿ ಕೂತಿದ್ದರು. ಕರೆಂಟು ಹೋಯಿತು. ಮೇಣದಬತ್ತಿ ಹಚ್ಚಲು ಕಡ್ಡಿ ಗೀರಿದೆ, ಬತ್ತಿ ಸೊಟ್ಟಗಿದ್ದುದರಿಂದ ಕಡ್ಡಿಯ ತಲೆ ಕೆಳಗೆ ಮಾಡಿ ಹಿಡಿದೆ. ಬೆಂಕಿ ಸರ್ರನೆ ಮೇಲೆ ಹತ್ತಿ ಬೆರಳು ಚುರ್ ಎಂದಿತು. ಕಡ್ಡಿ ಬಿಸಾಡಿದೆ.

"ಎಷ್ಟು ಸಲ ಹೇಳೋದು, ಕಡ್ಡಿ ನೆಟ್ಟಗೆ ಹಿಡೀಬೇಕು ಅಂತ," ಎಂದರು ಲ್ಯಾಬಕ್ಕ, ಎಂಟನೇ ತರಗತಿಗೆ ಹೇಳುವ ಧಾಟಿಯಲ್ಲಿ. "ತಲೆಕೆಳಗೆ ಹಿಡಿದ್ರೆ ಬೆಂಕಿ..."

ಅಲ್ಲಿಗೆ ನಿಂತರು. ಕತ್ತಲಲ್ಲಿ ಅವರ ಮುಖ ಕಾಣಲಿಲ್ಲ. ಕುರ್ಚಿ ಎಳೆದ ಸದ್ದು ಮಾತ್ರ ಕೇಳಿತು.

"ಮೇಷ್ಟ್ರು ಹಗ್ಗನ ನೇತು ಹಾಕಿದ್ರು."

"ಏನು?"

"ಹಿಂದಿನ ಬೆಂಚಿಗೂ ಕಾಣ್ಲಿ ಅಂತ ಸ್ಟ್ಯಾಂಡಿಗೆ ನೇತು ಹಾಕಿದ್ರು. ನಾನು ಮರಳಿನ ತಟ್ಟೆ ಇಟ್ಟಿದ್ದೆ, ಅದನ್ನ ಪಕ್ಕಕ್ಕೆ ತಳ್ಳಿದ್ರು. ಕೆಳಗಿನ ತುದಿಯ ಬೆಂಕಿ ಮೇಲೆ ಹತ್ತುತ್ತೆ, ಮುಂದಿನ ಹಗ್ಗನ ಮೊದ್ಲೇ ಬಿಸಿ ಮಾಡ್ಕೊಂಡು ಹೋಗುತ್ತೆ. ಓಡದೆ ಏನ್ಮಾಡುತ್ತೆ?"

ಕರೆಂಟು ಬರುವುದನ್ನೂ ಕಾಯದೆ ಅವರು ಟೆರೇಸಿಗೆ ಹೋದರು. ಐದೈದು ಸೆಂಟಿಮೀಟರಿನ ಮೂರು ದಪ್ಪ ತುಂಡು. ಮಲಗಿಸಿದ್ದು ಇಪ್ಪತ್ತು ನಿಮಿಷ, ಲೆಕ್ಕದ ಪ್ರಕಾರ. ನೇತು ಹಾಕಿ ಮೇಲಿನಿಂದ ಹಚ್ಚಿದ್ದು ಇಪ್ಪತ್ತೆರಡು. ನೇತು ಹಾಕಿ ಕೆಳಗಿನಿಂದ ಹಚ್ಚಿದ್ದು ಹದಿಮೂರು. ಮೂರನ್ನೂ ಬರೆದುಕೊಂಡು, ಅಡಿಯಲ್ಲಿ ಎರಡು ಗೆರೆ ಎಳೆದರು.

"ಯಾವ ಕಡೆಯಿಂದ ಬಂದ್ರೂ ಬೆಂಕಿಗೆ ಒಂದೊಂದು ತುಂಡು ಹಗ್ಗಕ್ಕೂ ಅಷ್ಟೇ ಹೊತ್ತು ಹಿಡೀಬೇಕು. ಆಗ ಮಾತ್ರ ಎರಡು ತುದಿಗೆ ಹಚ್ಚಿದ್ರೆ ಅರ್ಧ ಹೊತ್ತು. ಮೇಷ್ಟ್ರ ಹಗ್ಗಕ್ಕೆ ಮೇಲು ಕೆಳಗು ಇಲ್ಲ, ಬೋರ್ಡ್ ಮೇಲೆ ಚಾಕಲ್ಲಿ ಎಳೆದ ಗೆರೆ ಅದು. ನನ್ನ ಹಗ್ಗಕ್ಕೆ ಇದೆ."

ಮಾರನೆಯ ದಿನ ಇದನ್ನು ಮೇಷ್ಟ್ರಿಗೆ ಹೇಳಿದರಂತೆ. ಮೇಷ್ಟ್ರು ಕೆಟ್ಟವರಲ್ಲ. ಲ್ಯಾಬಕ್ಕನ ನೋಟ್‌ಬುಕ್ಕನ್ನು ಎರಡು ಸಲ ಓದಿ, "ಅರೆ, ಇದು ಆಸಕ್ತಿಕರವಾಗಿದೆ" ಎಂದರು. ಮರುಕ್ಷಣವೇ, "ಆದ್ರೆ ಮಲಗಿಸಿದ್ರೆ ಹಿಂದಿನವರಿಗೆ ಕಾಣಲ್ವಲ್ಲ" ಎಂದರು. ಮೂರು ದಿನ ಇದೇ ಹಗ್ಗಜಗ್ಗಾಟ. ಕೊನೆಗೆ ಲ್ಯಾಬಕ್ಕ, "ಕಾಣ್ಬೇಕಾ ಸರ್, ಸರಿ ಬರ್ಬೇಕಾ?" ಎಂದು ಕೇಳಿದ ಮೇಲೆ ಮರಳಿನ ತಟ್ಟೆ ಗೆದ್ದಿತು.

ಶನಿವಾರ ನಾನೂ ಹೋದೆ. ಮಗಳು ಅದೇ ಶಾಲೆಯ ಶಿಶುವಿಹಾರದಲ್ಲಿ ಇದ್ದಾಳೆ, ನಾನೂ ಪೋಷಕಿಯೇ. ನಮ್ಮ ಮನೆಯವರನ್ನು ಕರೆದೆ. "ಹಗ್ಗ ಸುಡೋದನ್ನ ಮುಕ್ಕಾಲು ಗಂಟೆ ನೋಡೋಕೆ ರಜಾ ಹಾಕ್ಲಾ?" ಎಂದು ಹೇಳಿ ಕಚೇರಿಗೆ ಹೋದರು.

ಪ್ರಯೋಗಾಲಯದಲ್ಲಿ ಕಿಟಕಿಗಳೆಲ್ಲ ಮುಚ್ಚಿದ್ದವು, ಫ್ಯಾನು ನಿಂತಿತ್ತು. ಗಾಳಿ ಬಿದ್ದರೆ ಕಿಡಿ ಓಡುತ್ತದೆ ಎಂದು ಲ್ಯಾಬಕ್ಕ ಸ್ವಿಚ್ಚಿನ ಮೇಲೆ "ಮುಟ್ಟಬೇಡಿ" ಎಂಬ ಚೀಟಿ ಅಂಟಿಸಿದ್ದರು. ಮೂವತ್ತು ಜನ ಪೋಷಕರು ಬೆವರು ಒರೆಸಿಕೊಳ್ಳುತ್ತ ನಿಂತಿದ್ದೆವು. ಗೋಡೆ ಗಡಿಯಾರಕ್ಕೆ ಬಟ್ಟೆ ಮುಚ್ಚಿತ್ತು. ಶಾಲೆಯ ಒಂದು ಪೀರಿಯಡ್ಡು ನಲವತ್ತೈದು ನಿಮಿಷ. ಪೀರಿಯಡ್ಡಿನ ಗಂಟೆ ಹೊಡೆದಾಗ ಹಚ್ಚುವುದು, ಮುಂದಿನ ಗಂಟೆಗೆ ಹಗ್ಗ ಮುಗಿಯಬೇಕು. ಮೇಷ್ಟ್ರ ಈ ಯೋಜನೆ ನಿಜಕ್ಕೂ ಸೊಗಸಾಗಿತ್ತು, ಅದನ್ನು ನಾನು ಒಪ್ಪಲೇಬೇಕು. ಹೆಡ್‌ಮೇಡಂ ಮಾತ್ರ ಮುಂದಿನ ಸಾಲಿನಲ್ಲಿ ತಮ್ಮ ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ಕೂತಿದ್ದರು.

ಗಂಟೆ ಹೊಡೆಯಿತು. ಮೇಷ್ಟ್ರು ಲೈಟರ್ ಹಿಡಿದು ಮೊದಲನೇ ಹಗ್ಗದ ಎರಡು ತುದಿ, ಎರಡನೆಯದರ ಒಂದು ತುದಿ, ಮೂರಕ್ಕೂ ಚಕಚಕನೆ ಹಚ್ಚಿದರು. ಆಮೇಲೆ ಬೋರ್ಡಿನ ಕಡೆ ತಿರುಗಿ ವಿವರಣೆ ಶುರು ಮಾಡಿದರು. ಅವರಿಗೆ ವಿವರಿಸುವುದೆಂದರೆ ಪ್ರಾಣ. ಎಕ್ಸ್ ಬಂತು, ವೈ ಬಂತು, ಚಾಕಿನ ಪುಡಿ ಹಾರಿತು. ಪೋಷಕರಲ್ಲಿ ಒಬ್ಬರು ನನ್ನ ಹಾಗೆಯೇ "ಮಡಚಿದ್ರೆ ಆಗಲ್ವಾ ಸರ್?" ಎಂದು ಕೇಳಿಬಿಟ್ಟರು. ಅದಕ್ಕೆ ಇನ್ನೊಂದು ಅರ್ಧ ಬೋರ್ಡು. ನನ್ನ ಮಗಳು ನನ್ನ ಸೊಂಟದ ಮೇಲೆ ನಿದ್ದೆ ಹೋದಳು.

ತಟ್ಟೆಯ ಪಕ್ಕ ನಿಂತಿದ್ದ ಲ್ಯಾಬಕ್ಕ ಬೋರ್ಡನ್ನು ಒಮ್ಮೆಯೂ ನೋಡಲಿಲ್ಲ. ಮೊದಲನೇ ಹಗ್ಗದ ಎರಡು ಕಿಡಿಗಳು ದಪ್ಪ ಭಾಗದಲ್ಲಿ ಹತ್ತಿರವಾಗುತ್ತ ಬಂದವು. ಮುಟ್ಟಿದವು. ಆರಿದವು.

"ಸರ್," ಎಂದರು ಲ್ಯಾಬಕ್ಕ.

"ಒಂದ್ನಿಮಿಷ," ಎಂದರು ಮೇಷ್ಟ್ರು, ತಿರುಗದೆ.

ಲೈಟರ್ ಮೇಷ್ಟ್ರ ಮೇಜಿನ ಮೇಲಿತ್ತು. ಹಚ್ಚುವುದು ಮೇಷ್ಟ್ರ ಕೆಲಸ, ಕಾರ್ಯಕ್ರಮದ ಹಾಳೆಯಲ್ಲಿ ಹಾಗೆ ಅಚ್ಚಾಗಿದೆ. ಲ್ಯಾಬಕ್ಕ ಮತ್ತೊಮ್ಮೆ "ಸರ್, ಮುಗೀತು" ಎಂದರು. ಮೇಷ್ಟ್ರು ಎಡಗೈಯನ್ನು ಹಿಂದಕ್ಕೆ ಬೀಸಿದರು, ನೊಣ ಓಡಿಸುವ ಹಾಗೆ. ಬಲಗೈ ಸಮೀಕರಣದ ಕೊನೆಯ ಸಾಲಿನಲ್ಲಿತ್ತು. ನನಗೆ ಮುಂದೆ ಹೋಗಿ ಅವರ ಅಂಗಿ ಎಳೆಯಬೇಕು ಅನ್ನಿಸಿತು. ಸೊಂಟದ ಮೇಲೆ ಹದಿನೆಂಟು ಕಿಲೋ ನಿದ್ದೆ ಮಾಡುತ್ತಿತ್ತು.

ಲ್ಯಾಬಕ್ಕ ತಮ್ಮ ಕೈಗಡಿಯಾರ ನೋಡಿಕೊಂಡರು. ಮೇಜಿನ ಬಳಿ ಹೋಗಿ ಲೈಟರ್ ತೆಗೆದುಕೊಂಡರು. ಎರಡನೇ ಹಗ್ಗದ ಇನ್ನೊಂದು ತುದಿಗೆ ತಾವೇ ಹಚ್ಚಿದರು. ಲೈಟರನ್ನು ಇದ್ದಲ್ಲೇ ಇಟ್ಟರು. ಆಮೇಲೆ ಜೇಬಿನಿಂದ ಪುಟ್ಟ ಚೀಟಿ ತೆಗೆದು ಏನೋ ಬರೆದು, ಮಡಚಿ ಇಟ್ಟುಕೊಂಡರು. ಮೇಷ್ಟ್ರು ತಿರುಗಿ ನೋಡಿ, ನಾಲ್ಕನೇ ತುದಿ ಹೊತ್ತಿರುವುದನ್ನು ಕಂಡು, "ಹಾಂ, ಈಗ ನೋಡಿ, ಎರಡನೇ ಹಂತ" ಎಂದು ಮುಂದುವರಿಸಿದರು.

ಮುಂದಿನ ಗಂಟೆ ಹೊಡೆಯಿತು. ಎಲ್ಲರೂ ತಟ್ಟೆಯ ಮೇಲೆ ಬಾಗಿದರು. ಉದ್ದಿನಕಾಳಿನಷ್ಟು ಹಗ್ಗ ಇನ್ನೂ ಕೆಂಪಗಿತ್ತು.

"ಇನ್ನೂ ಇದೆಯಲ್ಲ," ಎಂದರು ಹೆಡ್‌ಮೇಡಂ.

ಕಿಡಿ ಒಮ್ಮೆ ಮಿನುಗಿ ಆರಿತು. ಹೆಡ್‌ಮೇಡಂ ಕೈಗಡಿಯಾರ ನೋಡಿ ಹೇಳಿದರು: "ನಲವತ್ತೈದೂವರೆ."

ಪೋಷಕರು ಜೋರಾಗಿ ಚಪ್ಪಾಳೆ ತಟ್ಟಿದರು, ಅರ್ಧ ನಿಮಿಷ ಯಾರಿಗೆ ಬೇಕು. ಒಬ್ಬರು ಓಡಿಹೋಗಿ ಕಿಟಕಿ ತೆರೆದರು. ಮೇಷ್ಟ್ರು ಕೈಮುಗಿದರು. ಹೆಡ್‌ಮೇಡಂ ಏಳುತ್ತ, "ಅರ್ಧ ನಿಮಿಷ ಯಾಕೆ ಹೆಚ್ಚಾಯ್ತು?" ಎಂದು ಕೇಳಿದ್ದು ಹತ್ತಿರವಿದ್ದ ನನಗೆ ಕೇಳಿಸಿತು. ಮೇಷ್ಟ್ರು ನಗುತ್ತಲೇ ಹೇಳಿದರು: "ಹಗ್ಗದ ದೋಷ ಮೇಡಂ. ಕೈಯಲ್ಲಿ ಹೆಣೆದದ್ದಲ್ವಾ, ಅಷ್ಟು ಇದ್ದೇ ಇರುತ್ತೆ."

ಲ್ಯಾಬಕ್ಕ ತಟ್ಟೆಯ ಮರಳನ್ನು ಡಬ್ಬಕ್ಕೆ ಸುರಿಯುತ್ತಿದ್ದರು. ಮರಳು ಸುರಿಯುವುದು ಒಂದು ಕ್ಷಣ ನಿಂತಿತು, ಮತ್ತೆ ಮುಂದುವರಿಯಿತು.

ಸಂಜೆ ಅವರು ನಮ್ಮ ಮನೆಗೆ ಬಂದರು. ಕೈಯಲ್ಲಿ ಅದೇ ನೋಟ್‌ಬುಕ್ಕು, ಒಳಗೆ ನೋಟೀಸು. ಮಗಳು ಓಡಿಬಂದು ಅವರ ತೊಡೆ ಏರಿದಳು. ನಾನು ಟೀ ಇಟ್ಟೆ.

"ಏನಾಯ್ತು ಅಕ್ಕ, ನೋಟೀಸು ಹರಿದ್ರಾ?"

"ಹರಿಯೋಕಾಗಲ್ವಂತೆ, ನಂಬರ್ ಬಿದ್ದಿದೆಯಂತೆ. ಉತ್ತರ ಕೊಡ್ಲೇಬೇಕಂತೆ. ಹೆಡ್‌ಮೇಡಂ ಒಳ್ಳೆ ಮನಸ್ಸಿಂದಾನೇ ಹೇಳಿದ್ರು: 'ಹಗ್ಗ ಸ್ವಲ್ಪ ಹೆಚ್ಚುಕಮ್ಮಿ ಆಯ್ತು, ಕ್ಷಮಿಸಿ ಅಂತ ಎರಡು ಸಾಲು ಬರೆದುಕೊಡಿ, ಸೋಮವಾರ ಬೆಳಿಗ್ಗೆ ಮುಗಿಸಿಬಿಡ್ತೀನಿ, ಪಟ್ಟಿಯಲ್ಲಿ ನಿಮ್ಮ ಹೆಸರು ಇದ್ದಲ್ಲೇ ಇರುತ್ತೆ.'"

"ಮತ್ತೇನು, ಬರೆದುಕೊಟ್ಟರಾಯ್ತಲ್ಲ," ಎಂದೆ. ನಾನು ಹಾಗೆಯೇ. ಎಲ್ಲಿ ಗಂಟು ಬಿಡಿಸಬಹುದೋ ಅಲ್ಲಿ ಬಿಡಿಸಿಬಿಡಬೇಕು ನನಗೆ.

ಲ್ಯಾಬಕ್ಕ ಮಡಚಿದ ಚೀಟಿಯನ್ನು ಮೇಜಿನ ಮೇಲೆ ಬಿಡಿಸಿದರು. ಬೆಳಿಗ್ಗೆ ತಟ್ಟೆಯ ಪಕ್ಕ ನಿಂತು ಬರೆದದ್ದು. "31 ನಿಮಿಷಕ್ಕೆ ಹಚ್ಚಿದೆ. 45½ಕ್ಕೆ ಮುಗಿಯುತ್ತದೆ."

"ಮೊದಲನೇ ಹಗ್ಗ ಸರಿಯಾಗಿ ಮೂವತ್ತಕ್ಕೆ ಮುಗೀತು. ಮೇಷ್ಟ್ರು ಒಂದ್ನಿಮಿಷ ಅಂದ್ರು, ಸರಿಯಾಗಿ ಒಂದು ನಿಮಿಷ ತಗೊಂಡ್ರು. ಮೂವತ್ತೊಂದಕ್ಕೆ ಎರಡನೇ ಹಗ್ಗದಲ್ಲಿ ಇನ್ನು ಇಪ್ಪತ್ತೊಂಬತ್ತು ನಿಮಿಷ ಬಾಕಿ ಇತ್ತು. ಎರಡೂ ಕಡೆ ಹಚ್ಚಿದ್ರೆ ಅದರ ಅರ್ಧ, ಹದಿನಾಲ್ಕೂವರೆ. ಮೂವತ್ತೊಂದೂ ಹದಿನಾಲ್ಕೂವರೆಯೂ ಎಷ್ಟು?"

ನಾನು ಲೆಕ್ಕ ಹಾಕಿದೆ. ಅವರು ಗಂಟೆ ಹೊಡೆಯುವ ಹದಿನಾಲ್ಕು ನಿಮಿಷ ಮೊದಲೇ ಬರೆದಿಟ್ಟಿದ್ದರು, ಅರ್ಧ ನಿಮಿಷದ ಸಮೇತ.

"ಒಂದು ನಿಮಿಷ ತಡ ಮಾಡಿದ್ರೆ ಅರ್ಧ ನಿಮಿಷ ತಡ. ಹಗ್ಗ ಅಷ್ಟು ಸರಿಯಾಗಿತ್ತು ಕಣಮ್ಮ. ಅದು ತಪ್ಪಿದ್ದಲ್ಲ, ನಡೆದದ್ದನ್ನ ಹೇಳ್ತು."

"ಮೇಷ್ಟ್ರಿಗೆ ತೋರಿಸಿದ್ರಾ?"

"ತೋರಿಸ್ದೆ. ಲೈಟರ್ ವಾಪಸು ಕೊಡೋಕೆ ಬಂದಿದ್ರು. ನೋಡಿದ್ರು, ತಲೆ ಕೆರ್ಕೊಂಡ್ರು. 'ನಾನು ತಿರುಗಿ ನೋಡ್ಬೇಕಿತ್ತು' ಅಂದ್ರು. ಪಾಪ, ಒಪ್ಕೊಂಡ್ರು. ಆಮೇಲೆ, 'ಆದ್ರೆ ಅದನ್ನ ಬರೆಯೋದು ಬೇಡ ಬಿಡಿ' ಅಂದ್ರು."

ಟೀ ಉಕ್ಕಿತು. ಒಲೆ ಒರೆಸುತ್ತ ನಾನು ಬೈದುಕೊಂಡದ್ದು ಒಲೆಯನ್ನೇನೂ ಅಲ್ಲ. ಒಂದು ಪದ ಬರೆದರೆ ಹನ್ನೊಂದು ವರ್ಷದ ಕಾಯುವಿಕೆ ಮುಗಿಯುತ್ತದೆ. ಬರೆಯದಿದ್ದರೆ ಹೆಡ್‌ಮೇಡಂ ಏನು ಮಾಡುತ್ತಾರೋ ಹೇಳಲು ಬಾರದು. ಅವರ ಜಾಗದಲ್ಲಿ ನಾನಿದ್ದರೆ ಬರೆದುಬಿಡುತ್ತಿದ್ದೆ, ರಾತ್ರಿಯೆಲ್ಲ ಹೊರಳಾಡುತ್ತಿದ್ದೆ.

ಲ್ಯಾಬಕ್ಕ ಲೋಟ ತೆಗೆದುಕೊಂಡರು, ಕುಡಿಯಲಿಲ್ಲ. ಮಗಳ ತಲೆಯ ಮೇಲಿಂದ ನನ್ನನ್ನು ನೋಡಿದರು.

"ನೀನು ಕಥೆ ಗಿಥೆ ಅಂತ ದಿನಾ ಏನಾದ್ರೂ ಬರೀತಿರ್ತೀಯ. ನಿನ್ನ ಕೈ ಓಡುತ್ತೆ. ನಾನು ಬರೆದ್ರೆ ಜಗಳದ ಹಾಗೆ ಕೇಳುತ್ತೆ. ಒಂದು ಉಪಕಾರ ಮಾಡ್ತೀಯಾ? ಉತ್ತರ ನೀನು ಬರ್ಕೊಡು. ಹೇಗೆ ಹೆಣೆದೆ, ಯಾಕೆ ಮಲಗಿಸ್ಬೇಕು, ಎಷ್ಟು ಹೊತ್ತಿಗೆ ಹಚ್ಚಿದೆ, ಎಷ್ಟು ಹೊತ್ತಿಗೆ ಆರ್ತು, ಎಲ್ಲ ಬರಿ. ಮೇಷ್ಟ್ರ ಹೆಸರು ಎಲ್ಲೂ ಬೇಡ, ಅವರಿಗೆ ನೋವಾಗೋದು ಬೇಡ. ಹೆಡ್‌ಮೇಡಂ ಓದಿ ಬೇಜಾರು ಮಾಡ್ಕೊಳ್ದೆ ಸಹಿ ಹಾಕೋ ಹಾಗಿರ್ಲಿ. ಆದ್ರೆ ಕ್ಷಮಿಸಿ ಅನ್ನೋ ಪದ ಮಾತ್ರ ಒಂದು ಕಡೆಯೂ ಬರದ ಹಾಗೆ ಬರ್ಕೊಡು."